ಗೋಡೆಯೊಳಗೊಂದು ಗೂಡು

ಶ್ಯಾಂಪೂ ಬಾಟಲಿ ಬೀಳುವುದಕ್ಕೂ ಒಂದು ಮುಹೂರ್ತವಿದೆ. ತಲೆ ತುಂಬ ನೊರೆಯಿರಬೇಕು, ಕಣ್ಣು ಬಿಗಿಯಾಗಿ ಮುಚ್ಚಿರಬೇಕು, ಒಂದು ಕೈ ನಲ್ಲಿಯನ್ನು ತಡಕುತ್ತಿರಬೇಕು. ಆಗ ಬೀಳುತ್ತದೆ; ಬಿದ್ದರೆ ಕಾಲಿನ ಕಿರುಬೆರಳ ಮೇಲೆಯೇ. ಹೊರಗಿನಿಂದ ‘ಏನಾಯ್ತು?’ ಎಂಬ ಕೂಗು, ಒಳಗಿನಿಂದ ‘ಏನಿಲ್ಲ’ ಎಂಬ ನರಳು. ಈ ಸಂಭಾಷಣೆ ನಡೆಯದ ಮನೆ ನಮ್ಮ ಬೀದಿಯಲ್ಲಿ ಇರಲಾರದು.

ತಪ್ಪು ಬಾಟಲಿಯದಲ್ಲ. ಬಚ್ಚಲುಮನೆಯಲ್ಲಿ ಗೀಸರಿಗೆ ಗೋಡೆಯಿದೆ, ಟವೆಲಿಗೆ ಸರಳಿದೆ, ಬಕೀಟಿಗೆ ನೆಲವಿದೆ, ಹಲ್ಲಿಗೂ ಟ್ಯೂಬ್‌ಲೈಟಿನ ಹಿಂದೆ ಒಂದು ಕಾಯಂ ವಿಳಾಸವಿದೆ. ಬಾಟಲಿಗಳು ಮಾತ್ರ ಬಾಡಿಗೆಮನೆ ಹುಡುಕುವವರ ಹಾಗೆ ಅಲೆಯುತ್ತಿರುತ್ತವೆ: ಈ ವಾರ ವೆಂಟಿಲೇಟರಿನ ಅಂಚು, ಮುಂದಿನ ವಾರ ಫ್ಲಶ್ ಟ್ಯಾಂಕಿನ ಮುಚ್ಚಳ. ನಡುವೆ ಯಾರಾದರೂ ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರ್ ಬುಡದ ತಂತಿಬುಟ್ಟಿಯನ್ನು ತಂದು ಟೈಲ್ಸಿಗೆ ಒತ್ತುತ್ತಾರೆ. ಅದು ಹಗಲೆಲ್ಲ ನಂಬಿಕಸ್ಥನ ಹಾಗಿದ್ದು, ಸರಿರಾತ್ರಿಯಲ್ಲಿ ಅಷ್ಟೂ ಬಾಟಲಿಗಳ ಸಮೇತ ಕುಸಿದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ.

ಹಿಂದೆ ಈ ತಾಪತ್ರಯವಿರಲಿಲ್ಲ. ನಮ್ಮಜ್ಜನ ಮನೆಯ ಬಚ್ಚಲಿನ ಮಣ್ಣುಗೋಡೆ ಒಂದು ಮೊಳ ದಪ್ಪವಿತ್ತು. ಹಂಡೆಯ ಒಲೆಗೆ ಎದುರಾಗಿ ಅದರಲ್ಲೊಂದು ಗೂಡು. ಗೂಡಿನಲ್ಲಿ ಸೀಗೆಪುಡಿಯ ಡಬ್ಬಿ, ಹರಳೆಣ್ಣೆಯ ಗಿಂಡಿ, ಮೈ ಉಜ್ಜುವ ಕಲ್ಲು. ಒಲೆಯ ಹೊಗೆಗೆ ಗೂಡಿನ ಬೆನ್ನು ಕರ್ರಗಾಗಿತ್ತು. ಶವರ್ ಇಲ್ಲದ್ದರಿಂದ ನೀರು ತಂಬಿಗೆಯಿಂದ ತಲೆಗೆ, ತಲೆಯಿಂದ ನೆಲಕ್ಕೆ ಹೋಗುತ್ತಿತ್ತೇ ಹೊರತು ಗೂಡಿನ ತಂಟೆಗೆ ಬರುತ್ತಿರಲಿಲ್ಲ. ಆಮೇಲೆ ಶ್ಯಾಂಪೂ ಬಂದದ್ದೂ ನಮ್ಮಲ್ಲಿಗೆ ಬಾಟಲಿಯಾಗಿ ಅಲ್ಲ, ಚೀಟಿಯಾಗಿ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಶ್ಯಾಂಪೂವನ್ನು ಪುಟ್ಟ ಪ್ಯಾಕೆಟ್ಟಿಗೆ ತುಂಬಿಸುವ ದಾರಿ ಹಾಕಿಕೊಟ್ಟ ಮೇಲೆ, 1980ರ ದಶಕದ ಹೊತ್ತಿಗೆ ಊರೂರಿನ ಅಂಗಡಿಗಳಲ್ಲಿ ಅದು ತೋರಣವಾಗಿ ನೇತಾಡತೊಡಗಿತು. ಪ್ಯಾಕೆಟ್ಟಿಗೆ ಗೂಡು ಬೇಡ, ಹಲ್ಲು ಸಾಕು. ಮೂಲೆ ಕಚ್ಚಿ ಉಗುಳಿದರೆ ಕೆಲಸ ಮುಗಿಯಿತು. ಲೀಟರ್‌ಗಟ್ಟಲೆ ಶ್ಯಾಂಪೂ, ಅದಕ್ಕೊಂದು ಕಂಡೀಷನರ್, ಮೈಗೆ ಬೇರೆ, ಮುಖಕ್ಕೆ ಬೇರೆ ಎಂದು ಸಂಸಾರ ಬೆಳೆದದ್ದು ನಮ್ಮ ಕಣ್ಣೆದುರಿಗೇ.

ಮೈಸೂರಿನ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುವ ಸಂದರ್ಭ ಬಂದಾಗ ಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಗೋಡೆಯೊಳಗೆ ಚೌಕದ ಗೂಡು. ಅದರಲ್ಲಿ ಎರಡೇ ಎರಡು ಬಾಟಲಿ, ಪಕ್ಕದಲ್ಲೊಂದು ಹಸಿರು ಗಿಡ. ಅಮ್ಮ ಕನ್ನಡಕ ಏರಿಸಿ ನೋಡಿ, “ಶ್ಯಾಂಪೂ ಇಡೋಕೆ ಗೋಡೆ ಒಡೀತೀರೇನೋ? ಮೂಲೇಲೊಂದು ಕಲ್ಲು ಕೂರಿಸಿದರೆ ಆಗಲ್ವಾ?” ಎಂದರು. ಆಗುತ್ತದೆ, ನಿಜ. ಮೂಲೆಗೆ ಮುಕ್ಕಾಲು ಇಂಚಿನ ಗ್ರಾನೈಟ್ ತುಂಡನ್ನು ತ್ರಿಕೋನವಾಗಿ ಕತ್ತರಿಸಿ ಕೂರಿಸುವುದು ಅಗ್ಗ, ಸುಲಭ. ಆದರೆ ನಮ್ಮ ಬಚ್ಚಲಿನ ಅಗಲ ನಾಲ್ಕು ಅಡಿ. ಬಗ್ಗಿ ಏಳುವಾಗ ಆ ಕಲ್ಲಿನ ಮೂತಿ ಯಾರದಾದರೂ ಹಣೆಗೆ ತಾಗುವುದು ಖಂಡಿತ. ಗೂಡಿನ ದೊಡ್ಡಗುಣ ಇದೇ: ಕೋಣೆಯ ಜಾಗವನ್ನು ಅದು ಕೇಳುವುದಿಲ್ಲ, ಗೋಡೆಯ ಹೊಟ್ಟೆಯನ್ನು ಕೇಳುತ್ತದೆ.

ಆ ಹೊಟ್ಟೆ ಎಷ್ಟಿದೆ ಎಂಬಲ್ಲಿಂದಲೇ ನಮ್ಮ ಕಥೆ ಚಿತ್ರದ ಕಥೆಗಿಂತ ಬೇರೆಯಾಗುತ್ತದೆ. ಫೋನಿನಲ್ಲಿ ಬರುವ ಚಿತ್ರಗಳು ಹೆಚ್ಚಿನವು ಅಮೆರಿಕದವು. ಅಲ್ಲಿನ ಮನೆಯ ಗೋಡೆ ಎಂದರೆ ಮರದ ಕಂಬಗಳ ಸಾಲು, ಎರಡೂ ಕಡೆ ಹಲಗೆ, ನಡುವೆ ಟೊಳ್ಳು. ಕಂಬದಿಂದ ಕಂಬಕ್ಕೆ ನಡುಮಧ್ಯದ ಅಳತೆ ಸಾಮಾನ್ಯವಾಗಿ 16 ಇಂಚು, ಕಂಬದ ದಪ್ಪ ಒಂದೂವರೆ ಇಂಚು, ಹಾಗಾಗಿ ನಡುವೆ ಉಳಿಯುವ ಸಂದಿ ಹದಿನಾಲ್ಕೂವರೆ ಇಂಚು. ಕಂಬದ ಆಳ ಮೂರೂವರೆ ಇಂಚು. ಅಲ್ಲಿನ ಅಂಗಡಿಯ ಸಿದ್ಧ ಗೂಡುಗಳೆಲ್ಲ ಆ ಸಂದಿಗೆ ಹೊಂದುವಂತೆ ಹುಟ್ಟಿದವು. ಅವರಿಗೆ ಗೂಡು ಎಂದರೆ ಇದ್ದ ಟೊಳ್ಳಿಗೆ ಬಾಗಿಲು ತೆರೆದಂತೆ. ನಮಗೆ ಗಟ್ಟಿ ಗೋಡೆಯನ್ನು ಕೊರೆಯುವ ಕೆಲಸ. ಅವರ ಅಳತೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಕಾದ ಅಗತ್ಯ ನಮಗಿಲ್ಲ, ಅವರಿಗಿರುವ ಸಲೀಸೂ ನಮಗಿಲ್ಲ.

ನಮ್ಮ ಗೋಡೆಗಳಲ್ಲಿ ಕೆಲವು ಮುಟ್ಟಲೇಬಾರದವು. ಕಾಲಮ್ ಇರುವ ಜಾಗ ಬೇಡ ಎಂದು ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ಈಚಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತಾರೆ. ಅಲ್ಲಿ ಕಟ್ಟಡವನ್ನು ಹೊತ್ತು ನಿಂತಿರುವುದು ಆ ಗೋಡೆಗಳೇ, ಒಳಗೆ ಕಬ್ಬಿಣವಿದೆ. ಶ್ಯಾಂಪೂಗಾಗಿ ಅದನ್ನು ಕತ್ತರಿಸುವಂತಿಲ್ಲ. ಇನ್ನು ನಾಲ್ಕಿಂಚಿನ ಬ್ಲಾಕಿನ ಗೋಡೆಯಲ್ಲಿ ಮೂರೂವರೆ ಇಂಚು ಕೊರೆದರೆ ಬೆನ್ನಿಗೆ ಉಳಿಯುವುದು ಅರ್ಧ ಇಂಚು. ಅಂಥಲ್ಲಿ ಮೂಲ ಗೋಡೆಯನ್ನು ಮುಟ್ಟದೆ, ಅದರ ಮುಂದೆ ಸೊಂಟದೆತ್ತರದವರೆಗೆ ಇನ್ನೊಂದು ನಾಲ್ಕಿಂಚಿನ ಗೋಡೆ ಕಟ್ಟಿ ಮೇಲ್ಭಾಗವನ್ನು ಕಟ್ಟೆಯಂತೆ ಬಳಸುವುದೇ ವಾಸಿ. ಕೋಣೆ ಅಷ್ಟು ಚಿಕ್ಕದಾಗುತ್ತದೆ, ಅಷ್ಟೇ. ನಮ್ಮ ಅದೃಷ್ಟಕ್ಕೆ ಬಚ್ಚಲಿಗೂ ಮಲಗುವ ಕೋಣೆಗೂ ನಡುವಿನದು ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ. ಭಾರ ಹೊತ್ತದ್ದಲ್ಲ. ಬಿಸಿನೀರು, ತಣ್ಣೀರಿನ ಪೈಪುಗಳು ಶವರ್ ಇರುವ ಗೋಡೆಯಲ್ಲೇ ಇಳಿದಿದ್ದವು. ಇದು ಅದಕ್ಕೆ ಪಕ್ಕದ್ದು, ಒಳಗೆ ಏನೂ ಇಲ್ಲ.

ಇನ್ನು ಅಳತೆ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಟೇಪು ಹಿಡಿದೆ. ಎಲ್ಲಕ್ಕಿಂತ ಎತ್ತರದ್ದು ಮಗಳ ಪಂಪಿನ ಬಾಟಲಿ, ಹನ್ನೊಂದು ಇಂಚಿಗೆ ತುಸು ಕಡಿಮೆ. ಉಳಿದವು ಏಳರಿಂದ ಒಂಬತ್ತು. ದಪ್ಪದಲ್ಲಿ ಯಾವುದೂ ಮೂರೂಕಾಲು ಇಂಚು ದಾಟಲಿಲ್ಲ. ಹಾಗಾದರೆ ಒಂದಡಿ ಎತ್ತರ, ಮೂರೂವರೆ ಇಂಚು ಆಳ ಸಾಕು. ಪಂಪಿನ ತಲೆಯನ್ನು ಗೂಡಿನೊಳಗೇ ಒತ್ತಬೇಕೆಂದರೆ ಮೇಲೆ ಇನ್ನೂ ಎರಡಿಂಚು ಬೇಕಾಗುತ್ತಿತ್ತು. ಬಾಟಲಿಯನ್ನು ತುಸು ಮುಂದಕ್ಕೆ ಓರೆ ಮಾಡಿ ತೆಗೆಯುವುದಾದರೆ ಬೇಡ. ಅಗಲಕ್ಕೆ ಲೆಕ್ಕ ಕೊಟ್ಟದ್ದು ಟೈಲ್ಸ್. ನಾವು ಆರಿಸಿದ್ದು ಎರಡಡಿ ಉದ್ದ, ಒಂದಡಿ ಎತ್ತರದ ಟೈಲ್ಸ್, ಅಂದರೆ 600ಕ್ಕೆ 300 ಮಿಲಿಮೀಟರ್. ಗೂಡಿನ ಬಾಯಿ ಸರಿಯಾಗಿ ಒಂದು ಟೈಲ್ಸಿನಷ್ಟಿದ್ದು, ಅದರ ನಾಲ್ಕೂ ಅಂಚು ಸುತ್ತಲಿನ ಸಂದುಗೆರೆಗಳಿಗೆ ಕೂಡಿಕೊಂಡರೆ ಒಂದು ಟೈಲ್ಸನ್ನು ಎತ್ತಿಟ್ಟಂತೆ ಕಾಣುತ್ತದೆ. ಗೆರೆಗೆ ಕೂಡದಿದ್ದರೆ ಸುತ್ತ ಎರಡಿಂಚು, ಮುಕ್ಕಾಲಿಂಚಿನ ಚೂರುಗಳನ್ನು ಕತ್ತರಿಸಿ ತುಂಬಬೇಕು. ಆ ತೇಪೆ ದಿನಾ ಬೆಳಿಗ್ಗೆ ಕಣ್ಣಿಗೆ ಚುಚ್ಚುತ್ತದೆ.

ಎರಡಡಿಗೆ ಒಂದಡಿ ಬೇಕಾದರೆ ಗೋಡೆಯಲ್ಲಿ ಎಷ್ಟು ಕತ್ತರಿಸಬೇಕು? ಎರಡಡಿಗೆ ಒಂದಡಿ ಎನ್ನುವವರೇ ಹೆಚ್ಚು. ಕತ್ತರಿಸಿದ ಬ್ಲಾಕಿನ ಮೈಗೆ ಗಾರೆ ಬರುತ್ತದೆ, ಅದರ ಮೇಲೆ ನೀರು ತಡೆಯುವ ಲೇಪ, ಆಮೇಲೆ ಟೈಲ್ಸಿನ ಅಂಟು, ಕೊನೆಗೆ ಟೈಲ್ಸ್. ಗಾರೆ 12 ಮಿಲಿಮೀಟರ್, ಲೇಪ ಒಂದು, ಅಂಟು ನಾಲ್ಕು, ಟೈಲ್ಸ್ ಎಂಟು: ಕೂಡಿದರೆ 25, ಅಂದರೆ ಒಂದು ಇಂಚು. ಇದು ಎಡಕ್ಕೊಂದು, ಬಲಕ್ಕೊಂದು, ಮೇಲೊಂದು. ಕೆಳಗೆ ಟೈಲ್ಸಿನ ಬದಲು ಗ್ರಾನೈಟ್ ಹಾಸುವುದೆಂದು ತೀರ್ಮಾನವಾಗಿತ್ತು, ವಾಟಕ್ಕೂ ಜಾಗ ಬೇಕು; ಅದಕ್ಕೆ ಒಂದೂವರೆ. ಹೀಗಾಗಿ ಗೋಡೆಯಲ್ಲಿ ತೆಗೆಯಬೇಕಾದ ಬಾಯಿ 26 ಇಂಚು ಅಗಲ, ಹದಿನಾಲ್ಕೂವರೆ ಇಂಚು ಎತ್ತರ. ಆಳದ ಲೆಕ್ಕ ಮಾತ್ರ ಬೇರೆ. ಗೂಡಿನ ಬೆನ್ನಿಗೆ ಒಂದಿಂಚು ಸೇರುತ್ತದೆ, ನಿಜ; ಆದರೆ ಗೂಡಿನ ಹೊರಗೆ ಬಚ್ಚಲಿನ ಇಡೀ ಗೋಡೆಗೂ ಅದೇ ಗಾರೆ, ಅದೇ ಟೈಲ್ಸ್ ಬಂದು ಅದೂ ಒಂದಿಂಚು ಮುಂದಕ್ಕೆ ಬರುತ್ತದೆ. ಬೆನ್ನಿನಲ್ಲಿ ಕಳೆದದ್ದು ಮೊಗದಲ್ಲಿ ಕೂಡುತ್ತದೆ. ಮೂರೂವರೆ ಇಂಚು ಬೇಕಿದ್ದರೆ ಬ್ಲಾಕಿನಲ್ಲಿ ಮೂರೂವರೆಯೇ ಕೊರೆದರೆ ಸಾಕು. ಇದು ಹೊಳೆಯದೆ ನಾಲ್ಕೂವರೆ ಕೊರೆಸಿದ್ದರೆ ಆರಿಂಚಿನ ಗೋಡೆಯ ಬೆನ್ನು ಸುಮ್ಮನೆ ತೆಳ್ಳಗಾಗುತ್ತಿತ್ತು.

ಮೇಸ್ತ್ರಿ ಸುತ್ತಿಗೆ, ಉಳಿ ಎತ್ತಿಕೊಂಡಾಗ ಭಾವ ತಡೆದರು. ಭಾವ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಲೋಕವಿಲ್ಲದಿದ್ದರೂ ಉಪಯೋಗ ಬಿಟ್ಟಿಲ್ಲ. “ಮೊದಲು ಮಷಿನ್ನಲ್ಲಿ ಸುತ್ತ ಗೆರೆ ಕೊಯ್ಯಪ್ಪ, ಆಮೇಲೆ ಒಳಗಿನದನ್ನ ಒಡಿ” ಎಂದರು. ಕಟಿಂಗ್ ಮಷಿನ್ನಿನಿಂದ ಅಂಚು ಕೊಯ್ದುಕೊಂಡರೆ ಸುತ್ತಿಗೆಯ ಪೆಟ್ಟು ಗೆರೆಯೊಳಗೇ ನಿಲ್ಲುತ್ತದೆ. ಇಲ್ಲದಿದ್ದರೆ ಪಕ್ಕದ ಬ್ಲಾಕುಗಳ ಸಂದು ಬಿಟ್ಟು, ಆಚೆ ಕೋಣೆಯ ಗಾರೆಯಲ್ಲಿ ಕೂದಲೆಳೆಯ ಬಿರುಕು ಏಳುತ್ತದೆ. ಬಾಯಿಯ ಮೇಲುಗಡೆಗೆ, ಅರ್ಧ ಕತ್ತರಿಸಿದ ಬ್ಲಾಕು ಜಗ್ಗದಿರಲೆಂದು, ಕಡಪ ಕಲ್ಲಿನ ಒಂದು ಪಟ್ಟಿಯನ್ನು ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಒಳಗೆ ಕೂರುವಂತೆ ಇಡಿಸಿದರು. ಅದಕ್ಕೆ ಬೇಕಾದ ದಪ್ಪವನ್ನು ಮೇಲಕ್ಕೆ ಹೆಚ್ಚುವರಿಯಾಗಿ ಕೊರೆದದ್ದಾಯಿತು.

ಎಷ್ಟು ಎತ್ತರದಲ್ಲಿರಬೇಕು ಎಂಬ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಶವರ್ ಕೆಳಗೆ ನಿಂತು ಮೀಯುವವರಿಗೆ ಗೂಡಿನ ತಳ ನೆಲದಿಂದ ಮೂರೂವರೆಯಿಂದ ನಾಲ್ಕು ಅಡಿಯಲ್ಲಿದ್ದರೆ ಹಿತ, ಎದೆಮಟ್ಟ, ಬಗ್ಗಬೇಕಿಲ್ಲ. ಚಿತ್ರಗಳಲ್ಲಿರುವುದೂ ಹಾಗೆಯೇ. ಆದರೆ ಚಿತ್ರದ ಮನೆಗಳಲ್ಲಿ ಸ್ಟೂಲಿನ ಮೇಲೆ ಕೂತು, ಬಕೀಟು ಮುಂದಿಟ್ಟುಕೊಂಡು, ಚೊಂಬಿನಲ್ಲಿ ನೀರು ಹೊಯ್ದುಕೊಳ್ಳುವ ಅಮ್ಮ ಇರುವುದಿಲ್ಲ. ನಮ್ಮಲ್ಲಿದ್ದಾರೆ. ಅವರನ್ನು ಬಟ್ಟೆ ಒದ್ದೆಯಾಗದಂತೆ ಒಣ ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕೈ ಚಾಚಿಸಿ ಅಳೆದೆವು. ಭುಜ ಎರಡೂ ಮುಕ್ಕಾಲು ಅಡಿ ಎತ್ತರಕ್ಕೆ ಬಂತು. ಸಲೀಸಾಗಿ ಬಾಟಲಿ ಎತ್ತಿಕೊಳ್ಳಲು ಮೂರಡಿಯೇ ಮಿತಿ. ಮಗ ಆರಡಿಯ ಆಸಾಮಿ, ಅವನಿಗೆ ನಾಲ್ಕಡಿ ಬೇಕಂತೆ. “ಬಗ್ಗೋಕೆ ನಿನಗೇನಾಗಿದೆಯೋ ಧಾಡಿ?” ಎಂದು ಅಮ್ಮ ಕೇಳಿದ ಮೇಲೆ ಚರ್ಚೆ ಮುಗಿಯಿತು. ಮೂರಡಿಗೆ ಟೈಲ್ಸಿನ ಮೂರನೆಯ ಸಾಲು ಮುಗಿಯುತ್ತಿದ್ದುದು ಅಮ್ಮನ ಪರವಾದ ಇನ್ನೊಂದು ಸಾಕ್ಷಿ. ತೀರ ಕೆಳಗಿಟ್ಟರೆ ಬಕೀಟಿನ ನೀರೆಲ್ಲ ಗೂಡಿಗೇ ಎರಚುತ್ತದೆ ಎಂಬುದೂ ನೆನಪಿರಬೇಕು.

ಯಾವ ಗೋಡೆ ಎಂಬುದು ಎತ್ತರಕ್ಕಿಂತ ಹೆಚ್ಚಿನ ಮಾತು. ಶವರಿನ ಎದುರು ಗೋಡೆಯಲ್ಲಿ ಗೂಡು ತೆಗೆದರೆ ನೀರಿನ ಧಾರೆ ನೇರವಾಗಿ ಅದರೊಳಗೆ ಬಡಿಯುತ್ತದೆ. ಪಕ್ಕದ ಗೋಡೆಯಲ್ಲಿ, ಧಾರೆಯ ವ್ಯಾಪ್ತಿಯಿಂದ ಆದಷ್ಟು ಆಚೆಗೆ, ಆದರೆ ಕೈಗೆಟುಕುವಷ್ಟು ಹತ್ತಿರ ಇದ್ದರೆ ಒಳಗೆ ಬೀಳುವುದು ಎರಚಲು ಮಾತ್ರ. ಇದನ್ನು ಊಹಿಸಬೇಕಾಗಿಲ್ಲ. ಹಳೆಯ ಟೈಲ್ಸ್ ಕೀಳುವ ಮುಂಚೆ ಒಮ್ಮೆ ಶವರ್ ಬಿಟ್ಟು ನಿಂತು, ಒದ್ದೆಯಾದ ಗಡಿಯನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಆಯಿತು.

ಈಗ ವಾಟದ ವಿಷಯ. ಬಚ್ಚಲುಗೋಡೆಯ ಮೇಲೆ ಬಿದ್ದ ನೀರಿಗೆ ನಿಲ್ಲಲು ಜಾಗವಿಲ್ಲ, ಜಾರಿ ನೆಲಕ್ಕೆ ಹೋಗುತ್ತದೆ. ಆ ಗೋಡೆಯ ನಡುವೆ ನಾವಾಗಿಯೇ ಒಂದು ಅಡ್ಡಹಾಸು ಮಾಡಿ, ಅದೂ ಗೋಡೆಯ ಒಳಗೆ, ‘ಬಾ, ಕೂತುಕೋ’ ಎಂದು ನೀರಿಗೆ ಹೇಳುತ್ತಿದ್ದೇವೆ. ಆದ್ದರಿಂದ ತಳ ಹೊರಕ್ಕೆ ತುಸು ಇಳಿದಿರಬೇಕು. ಎಷ್ಟು? ನಮ್ಮದು ಮೂರೂವರೆ ಇಂಚು ಆಳ. ಅದಕ್ಕೆ ಹಿಂದಿನಿಂದ ಮುಂದಕ್ಕೆ ಮೂರು ಮಿಲಿಮೀಟರ್ ಇಳಿತ ಸಾಕು. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಒಂದು ಸೆಂಟಿಮೀಟರ್ ಕೊಟ್ಟರೆ ಬಾಟಲಿಗೇ ಗೊತ್ತಾಗುತ್ತದೆ: ಬುಡದಲ್ಲಿ ಸೋಪಿನ ಜಾರಿಕೆಯಿದ್ದ ದಿನ ಅದು ಮೆಲ್ಲಗೆ ಮುಂದಕ್ಕೆ ಬಂದು, ಮೊದಲೇ ಹೇಳಿದ ಮುಹೂರ್ತಕ್ಕೆ ಕಾಯುತ್ತದೆ. ಮಟ್ಟಸವಾಗಿ ಬಿಟ್ಟರೆ ಬೋರ್‌ವೆಲ್ ನೀರು ಒಣಗಿದಲ್ಲೆಲ್ಲ ಬಿಳಿ ಬಳೆ ಮೂಡುತ್ತದೆ, ಮೂಲೆಯಲ್ಲಿ ನಿಂತ ಸೋಪಿನ ನೀರಿಗೆ ತಿಳಿಗುಲಾಬಿ ಲೋಳೆ ಕಟ್ಟುತ್ತದೆ. ಆ ಗುಲಾಬಿ ಬಣ್ಣ ಸೋಪಿನದಲ್ಲ. ಒದ್ದೆ ಜಾಗದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ್ದು.

ಮೇಸ್ತ್ರಿ ಗೂಡಿನ ತಳಕ್ಕೆ ಗಾರೆ ಬಳಿದು ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತದ್ದನ್ನು ಹೆಮ್ಮೆಯಿಂದ ತೋರಿಸಿದ.

“ವಾಟ ಎಲ್ಲಿ ಮೇಸ್ತ್ರಿ?”

“ಅದು ಕಲ್ಲು ಕೂರಿಸುವಾಗ ಕೊಡ್ತೀನಿ ಬಿಡಿ ಸಾರ್. ಹಿಂದೆ ಸ್ವಲ್ಪ ಅಂಟು ಜಾಸ್ತಿ ಹಾಕಿದರೆ ಎದ್ದುಕೊಳ್ಳುತ್ತೆ.”

ಹಾಗೆ ಎಬ್ಬಿಸಿದರೆ ಮೇಲಿನ ಕಲ್ಲಿಗೆ ವಾಟ ಬರುತ್ತದೆ, ಕೆಳಗಿನ ಗಾರೆಗೆ ಬರುವುದಿಲ್ಲ. ಇಲ್ಲೇ ಗೂಡಿನ ಗುಟ್ಟೆಲ್ಲ ಇರುವುದು. ಟೈಲ್ಸಿನ ಸಂದಿಗೆ ತುಂಬುವ ಸಿಮೆಂಟಿನ ಗ್ರೌಟು ನೀರನ್ನು ತಡೆಯುವ ವಸ್ತುವಲ್ಲ. ಅದು ನೀರು ಕುಡಿಯುತ್ತದೆ. ಟೈಲ್ಸ್ ಹಾಕಿದ ಗೋಡೆಯಲ್ಲಿ ಸ್ವಲ್ಪ ನೀರು ಸಂದಿಯಿಂದ ಒಳಗಿಳಿದೇ ಇಳಿಯುತ್ತದೆ. ಒಳಗೆ ಅದನ್ನು ತಡೆದು ನಿಲ್ಲಿಸುವುದು ಗಾರೆಯ ಮೇಲಿನ ಲೇಪ. ಲೇಪ ಬಳಿದ ಗಾರೆ ಮಟ್ಟಸವಾಗಿದ್ದರೆ ಒಳಗಿಳಿದ ನೀರು ಆ ಲೇಪದ ಮೇಲೆ, ಕಲ್ಲಿನ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ ನಿಂತಿರುತ್ತದೆ. ಮೇಲಿನ ಕಲ್ಲು ಚೆನ್ನಾಗಿ ಒಣಗಿದಂತೆ ಕಾಣುತ್ತಿರುವಾಗಲೂ ಅದು ಒಣಗುವುದಿಲ್ಲ. ದಿನವೂ ಒಂದಿಷ್ಟು ಸೇರುತ್ತಾ ಹೋಗಿ, ಲೇಪದಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತು ಸಿಕ್ಕಿದರೂ ಗೋಡೆಗಿಳಿಯುತ್ತದೆ. ಗಾರೆಯಲ್ಲೇ ವಾಟ ಕೊಟ್ಟು, ಅದರ ಮೇಲೆ ಲೇಪ ಬಳಿದಿದ್ದರೆ ಒಳಗಿಳಿದ ನೀರಿಗೂ ಹೊರಗೆ ಹೋಗುವ ದಾರಿ ಸಿಗುತ್ತದೆ. ಆದ್ದರಿಂದ ವಾಟ ಮೊದಲು, ಲೇಪ ಆಮೇಲೆ, ಕಲ್ಲು ಕೊನೆಗೆ.

ಹಸಿ ಗಾರೆಯನ್ನು ಕೆರೆದು ಮತ್ತೆ ಎಳೆಯಬೇಕಾಯಿತು. ಅಷ್ಟು ಸಣ್ಣ ಜಾಗದಲ್ಲಿ ಮೂರು ಮಿಲಿಮೀಟರನ್ನು ಅಳೆಯುವುದು ಹೇಗೆಂದು ಮೇಸ್ತ್ರಿ ಕೇಳಿದ. ಭಾವ ಜೇಬಿನಿಂದ ಎರಡು ಒಂದು ರೂಪಾಯಿ ನಾಣ್ಯ ತೆಗೆದರು. ಈಗಿನ ಎರಡು ನಾಣ್ಯ ಒಂದರ ಮೇಲೊಂದಿಟ್ಟರೆ ಹೆಚ್ಚುಕಡಿಮೆ ಮೂರು ಮಿಲಿಮೀಟರ್. ಗೂಡಿನ ಆಳದಷ್ಟೇ ಉದ್ದದ ಮರದ ಪಟ್ಟಿಯನ್ನು ತಳದ ಮೇಲೆ ಹಿಂದು ಮುಂದಾಗಿ ಇಟ್ಟು, ಅದರ ಮುಂದಿನ ತುದಿಯ ಕೆಳಗೆ ಆ ನಾಣ್ಯಗಳನ್ನು ಸೇರಿಸಿ, ಪಟ್ಟಿಯ ಮೇಲೆ ಪುಟ್ಟ ರಸಮಟ್ಟ ಇಟ್ಟರು. ಗುಳ್ಳೆ ನಡುವೆ ಬಂದರೆ ವಾಟ ಸರಿ. ಎಡಬಲಕ್ಕೆ ಮಾತ್ರ ನಾಣ್ಯವಿಲ್ಲದೆಯೇ ಗುಳ್ಳೆ ನಡುವೆ ನಿಲ್ಲಬೇಕು. ಇಲ್ಲದಿದ್ದರೆ ಟೈಲ್ಸಿನ ಗೆರೆಯ ಪಕ್ಕ ಗೂಡು ಸೊಟ್ಟ ಕಾಣುತ್ತದೆ. ಕೆಲಸ ಮುಗಿದ ಮೇಲೆ ನಾಣ್ಯಗಳನ್ನು ಮೇಸ್ತ್ರಿ ತನ್ನ ಸಾಮಾನಿನ ಚೀಲಕ್ಕೆ ಹಾಕಿಕೊಂಡ; ಭಾವ ನೋಡಿಯೂ ಸುಮ್ಮನಿದ್ದರು.

ಲೇಪಕ್ಕೆ ನಾವು ಬಳಸಿದ್ದು ಎರಡು ಭಾಗದ್ದು: ಒಂದು ಸಿಮೆಂಟಿನ ಪುಡಿ, ಇನ್ನೊಂದು ಡಬ್ಬಿಯಲ್ಲಿ ಬರುವ ಬಿಳಿಯ ಅಕ್ರಿಲಿಕ್ ದ್ರಾವಣ. ಎರಡನ್ನೂ ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ, ಗಂಟಿಲ್ಲದಂತೆ ಬೆರೆಸಿ ಬ್ರಷ್ಷಿನಲ್ಲಿ ಬಳಿಯುವುದು. ಗಟ್ಟಿಯಾಯಿತೆಂದು ಮಧ್ಯೆ ನೀರು ಬೆರೆಸುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಲೇಪದ ಕಸುವೆಲ್ಲ ಹೋಗುತ್ತದೆ, ಒಣಗಿದ ಮೇಲೆ ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ಬಳಿಯುವ ಮುಂಚೆ ಗಾರೆಯನ್ನು ನೀರು ಚಿಮುಕಿಸಿ ತೇವ ಮಾಡಬೇಕು, ಆದರೆ ಮೇಲೆ ನೀರು ಹೊಳೆಯುತ್ತಿರಬಾರದು. ಮೊದಲ ಕೈ ಅಡ್ಡಡ್ಡವಾಗಿ, ಅದು ಒಣಗಿದ ಮೇಲೆ ಎರಡನೆಯ ಕೈ ಉದ್ದುದ್ದವಾಗಿ. ಹಾಗೆ ಮಾಡಿದರೆ ಮೊದಲಿನ ಬ್ರಷ್ಷಿನ ಗೆರೆಗಳ ನಡುವೆ ಬಿಟ್ಟುಹೋದದ್ದನ್ನು ಎರಡನೆಯದು ಮುಚ್ಚುತ್ತದೆ.

ಆದರೆ ಬಯಲು ಜಾಗದಲ್ಲಿ ಲೇಪ ಕೈಕೊಡುವುದು ಕಡಿಮೆ. ಕೈಕೊಡುವುದು ಮೂಲೆಯಲ್ಲಿ. ಗೂಡೊಂದಕ್ಕೆ ಎಷ್ಟು ಅಂಚು ಎಂದು ಎಣಿಸಿ ನೋಡಿ: ಬೆನ್ನಿನ ಸುತ್ತ ನಾಲ್ಕು, ಒಳಗಿನಿಂದ ಹೊರಕ್ಕೆ ಬರುವವು ನಾಲ್ಕು, ಬಾಯಿಯ ಸುತ್ತ ನಾಲ್ಕು. ಹನ್ನೆರಡು ಅಂಚು, ಎಂಟು ಮೂಲೆ, ಅದೂ ಎರಡು ಚದರಡಿ ಜಾಗದಲ್ಲಿ. ಗೋಡೆ ಬಿಸಿನೀರಿಗೆ ಹಿಗ್ಗಿ ತಣ್ಣಗಾಗಿ ಕುಗ್ಗುವಾಗ ಎರಡು ಮೈಗಳು ಸೇರುವಲ್ಲೇ ಎಳೆತ ಬೀಳುತ್ತದೆ, ಒಂದು ಮಿಲಿಮೀಟರ್ ದಪ್ಪದ ಲೇಪ ಅಲ್ಲೇ ಸೀಳುತ್ತದೆ. ಅದಕ್ಕೆ ಮೂಲೆಗಳನ್ನು ಮೊದಲೇ ಗಾರೆಯಿಂದ ತುಸು ದುಂಡು ಮಾಡಿ, ಮೊದಲ ಕೈ ಹಸಿಯಾಗಿರುವಾಗಲೇ ನಾಲ್ಕಿಂಚು ಅಗಲದ ಫೈಬರ್ ಜಾಲರಿಯ ಪಟ್ಟಿಯನ್ನು, ಎರಡಿಂಚು ಈ ಮೈಗೆ ಎರಡಿಂಚು ಆ ಮೈಗೆ ಬರುವಂತೆ, ಒತ್ತಿ ಕೂರಿಸಬೇಕು. ಮೂಲೆಯ ತುದಿಯಲ್ಲಿ ಪಟ್ಟಿ ಉಬ್ಬಿಕೊಳ್ಳುತ್ತದೆ. ಅಲ್ಲಿ ಕತ್ತರಿಯಿಂದ ಸೀಳಿ ಒಂದರ ಮೇಲೊಂದು ಮಡಚಬೇಕು. ಮೇಸ್ತ್ರಿಯ ಹೆಬ್ಬೆರಳು ದಪ್ಪ, ಒಳಮೂಲೆಗೆ ಹೋಗಲೊಲ್ಲದು. ಕೊನೆಗೆ ಅವನು ಐಸ್‌ಕ್ರೀಮಿನ ಕಡ್ಡಿಯೊಂದನ್ನು ಬೀದಿಯಿಂದ ಹುಡುಕಿ ತಂದು, ಅದರ ದುಂಡು ತುದಿಯಿಂದ ಜಾಲರಿಯನ್ನು ಎಷ್ಟು ಚೊಕ್ಕವಾಗಿ ಒತ್ತಿದನೆಂದರೆ, ಮಟ್ಟದ ಜಗಳವನ್ನು ನಾನು ಆ ಕ್ಷಣಕ್ಕೆ ಮರೆತೆ.

ಗೂಡಿನ ಒಳಗೆ ಮಾತ್ರ ಬಳಿದು ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ವಾಟದಲ್ಲಿ ಹೊರಗೆ ಬಂದ ನೀರು, ಬಾಯಿಯ ಕೆಳಗಿನ ಅಂಚು ದಾಟಿದ ಕೂಡಲೇ ಲೇಪವಿಲ್ಲದ ಗೋಡೆಯನ್ನು ಸೇರುತ್ತದೆ. ಲೇಪ ಬಾಯಿಯಿಂದ ಹೊರಬಂದು ಸುತ್ತ ಕನಿಷ್ಠ ಆರಿಂಚು ಹರಡಿರಬೇಕು. ಗೂಡಿನ ಕೆಳಗಂತೂ ನೆಲದ ಲೇಪಕ್ಕೆ ಕೂಡುವವರೆಗೆ ಗೋಡೆಯುದ್ದಕ್ಕೂ ಇಳಿಯಬೇಕು. ಎರಡನೆಯ ಕೈ ಹಸಿಯಿರುವಾಗ ಮೇಲೆ ಒರಟು ಮರಳು ಚಿಮುಕಿಸಿದರೆ ಟೈಲ್ಸಿನ ಅಂಟಿಗೆ ಹಿಡಿತ ಸಿಗುತ್ತದೆ. ಆಮೇಲೆ ಆ ಗೂಡಿನೊಳಗೆ ಯಾರೂ ಮೊಳೆ ಹೊಡೆಯಕೂಡದು, ಕೊಕ್ಕೆ ಹಾಕಲು ಡ್ರಿಲ್ ಹಾಕಕೂಡದು.

ಲೇಪ ಒಣಗಿದ ಮೇಲೆ, ಟೈಲ್ಸ್ ಹಾಕುವ ಮುಂಚೆ ಒಂದು ಪರೀಕ್ಷೆ. ಬಚ್ಚಲಿನ ನೆಲಕ್ಕೆ ನೀರು ಕಟ್ಟಿ ನಿಲ್ಲಿಸಿ ನೋಡುವುದು ಎಲ್ಲರಿಗೂ ಗೊತ್ತು. ಗೂಡಿಗೆ ಮುಂದೆ ಗೋಡೆಯಿಲ್ಲ. ಭಾವ ಜೇಡಿಮಣ್ಣನ್ನು ನಾದಿ ಬಾಯಿಯ ಅಂಚಿಗೆ ಒಂದಿಂಚಿನ ಕಟ್ಟೆ ಕಟ್ಟಿದರು. ಒಳಗೆ ಅರ್ಧ ಇಂಚು ನೀರು ಹೊಯ್ದು, ಮಟ್ಟಕ್ಕೆ ಪೆನ್ಸಿಲಿನ ಗೆರೆ ಎಳೆದರು. ಪಕ್ಕದಲ್ಲಿ ಅಷ್ಟೇ ನೀರಿರುವ ಸ್ಟೀಲ್ ತಟ್ಟೆಯೊಂದನ್ನೂ ಇಟ್ಟರು. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಎರಡನ್ನೂ ನೋಡುವುದು. ತಟ್ಟೆಯಲ್ಲಿ ಇಳಿದಷ್ಟೇ ಗೂಡಿನಲ್ಲೂ ಇಳಿದಿದ್ದರೆ ಅದು ಆರಿಹೋದ ನೀರು. ಹೆಚ್ಚು ಇಳಿದಿದ್ದರೆ ಗೋಡೆ ಕುಡಿದದ್ದು. ನಮ್ಮದರಲ್ಲಿ ಎರಡೂ ಸಮವಿತ್ತು. ಕಟ್ಟೆ ಒಡೆದಾಗ ನೀರೆಲ್ಲ ತಾನಾಗಿ ಮುಂದಕ್ಕೆ ಬಂದು ಗೋಡೆಗುಂಟ ಇಳಿದದ್ದನ್ನು ನೋಡಲು ಅಮ್ಮನೂ ಬಂದಿದ್ದರು.

ತಳಕ್ಕೆ ಇಡೀ ಒಂದೇ ತುಂಡು ಗ್ರಾನೈಟ್ ಹಾಸಿದ್ದಕ್ಕೆ ಕಾರಣ, ನೀರು ಹೆಚ್ಚು ಹೊತ್ತು ಕೂರುವ ಜಾಗದಲ್ಲಿ ಸಂದಿಯೇ ಇರಬಾರದೆಂದು. ಕಲ್ಲು ಗೋಡೆಯ ಟೈಲ್ಸಿಗಿಂತ ಕಾಲಿಂಚು ಮುಂದಕ್ಕೆ ಚಾಚಿಕೊಂಡಿದೆ, ಆ ಚಾಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಕೊಯ್ಸಿದ್ದೇವೆ. ಛಜ್ಜಾದ ಅಡಿಯಲ್ಲಿ ಬಿಡುವ ಗೀರಿನ ಕೆಲಸವೇ ಇದರದ್ದೂ. ಅಂಚಿನಿಂದ ಇಳಿದ ಹನಿ ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆ ಸೇರುವ ಬದಲು ಗೀರಿನ ಹತ್ತಿರ ಕಡಿದುಬೀಳುತ್ತದೆ. ಬದಿಯ ಟೈಲ್ಸಿನ ಅಂಚುಗಳನ್ನು ನಲವತ್ತೈದು ಡಿಗ್ರಿಗೆ ಕೊಯ್ದು ಕೂಡಿಸುವುದು ಚೆಂದ, ಬೇಗ ಚಕ್ಕೆ ಏಳುತ್ತದೆ. ನಾವು ಅಲ್ಲೂ ಗ್ರಾನೈಟ್ ಪಟ್ಟಿಯನ್ನೇ ಇಟ್ಟೆವು. ಒಳಮೂಲೆಗಳಿಗೆ ಗ್ರೌಟು ತುಂಬದೆ ಸಿಲಿಕೋನ್ ಎಳೆಸಿದೆವು, ಅಲ್ಲಿ ಗ್ರೌಟು ಬಿರುಕು ಬಿಡುತ್ತದೆ. ಇಷ್ಟೆಲ್ಲ ಆದ ಮೇಲೂ ಪಾಲಿಷ್ ಮಾಡಿದ ಗ್ರಾನೈಟಿನ ಮೇಲೆ ನಾಲ್ಕಾರು ಹನಿ ಮುತ್ತುಕಟ್ಟಿ ನಿಲ್ಲುತ್ತವೆ. ಮೂರು ಮಿಲಿಮೀಟರ್ ವಾಟಕ್ಕೆ ಅವು ಜಗ್ಗುವುದಿಲ್ಲ; ಅವಕ್ಕೆ ಬಟ್ಟೆಯೇ ಮದ್ದು.

ಸರಿಯಾಗಿ ಕಟ್ಟದ ಗೂಡು ಹೇಗೆ ಸೇಡು ತೀರಿಸಿಕೊಳ್ಳುತ್ತದೆ ಎಂಬುದನ್ನು ಬೆಂಗಳೂರಿನ ನಮ್ಮ ನೆಂಟರ ಫ್ಲ್ಯಾಟಿನಲ್ಲಿ ನೋಡಿದ್ದೇನೆ. ಬಚ್ಚಲಿನಲ್ಲಿ ಎಲ್ಲ ಫಳಫಳ. ಗೋಡೆಯ ಆಚೆ, ಮಲಗುವ ಕೋಣೆಯಲ್ಲಿ, ಮಂಚದ ತಲೆದೆಸೆಗೆ ಪೇಂಟು ಗುಳ್ಳೆ ಎದ್ದು, ಒಡೆದಲ್ಲಿ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಕಲೆ ಇದ್ದದ್ದು ಗೂಡಿನ ನೇರಕ್ಕಲ್ಲ, ಒಂದಡಿ ಕೆಳಗೆ. ನೀರು ಇಳಿದ ಮೇಲೆ ತಾನೇ ಕಾಣುವುದು. ಹಾಗಾಗಿ ಪ್ಲಂಬರ್ ಪೈಪನ್ನು ಅನುಮಾನಿಸಿ ಟೈಲ್ಸ್ ಒಡೆಯಲು ಹೊರಟಿದ್ದ. ಅವರು ಹಬ್ಬಕ್ಕೆಂದು ಊರಿಗೆ ಹೋಗಿ ಬಂದಾಗ ಕಲೆ ಒಣಗಿತ್ತು, ಬಚ್ಚಲು ಬಳಕೆಯಾದ ಮೇಲೆ ಮತ್ತೆ ಒದ್ದೆಯಾಯಿತು. ಪೈಪಿನಲ್ಲಿ ಸದಾ ನೀರಿನ ಒತ್ತಡ ಇರುವುದರಿಂದ ಸೋರುವ ಪೈಪು ಮನೆಯಲ್ಲಿ ಜನವಿರಲಿ ಬಿಡಲಿ ಸೋರುತ್ತಲೇ ಇರುತ್ತದೆ. ಮೀಯುವವರಿದ್ದಾಗ ಮಾತ್ರ ಒಸರುವುದು ಗೂಡು ಅಥವಾ ನೆಲ. ಅವೆರಡರಲ್ಲಿ ಯಾವುದೆಂದು ತಿಳಿಯಲು ಗೂಡಿನ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಸುತ್ತ ಬಿಗಿದು ಕೆಲವು ವಾರ ಹಾಗೆಯೇ ಮಿಂದರು. ಬಾಟಲಿಗಳು ಮತ್ತೆ ಫ್ಲಶ್ ಟ್ಯಾಂಕಿನ ಮೇಲೆ. ಕಲೆ ಒಣಗಿಯೇ ಉಳಿಯಿತು, ಗೂಡು ಸಿಕ್ಕಿಬಿತ್ತು.

ಬಿಚ್ಚಿಸಿದಾಗ ಕಂಡದ್ದು: ಗಾರೆ ಮಟ್ಟಸ, ಲೇಪ ತಳಕ್ಕೆ ಮಾತ್ರ, ಹಿಂಬದಿಯ ಮೂಲೆಯಲ್ಲಿ ಜಾಲರಿಯಿಲ್ಲ, ಅಲ್ಲೊಂದು ನೆಟ್ಟಗಿನ ಬಿರುಕು. ಮೇಲೆ ಎಪಾಕ್ಸಿ ಗ್ರೌಟು ತುಂಬಿಸಿದರೆ ಸಾಲದೇ ಎಂದು ಅವರು ಕೇಳಿದರು. ಎಪಾಕ್ಸಿ ನೀರು ಕುಡಿಯುವುದಿಲ್ಲ, ಒಳಗಿಳಿಯುವ ನೀರು ಕಡಿಮೆಯಾಗುತ್ತದೆ, ಕೆಲವು ವರ್ಷ ಕಲೆ ಕಾಣಿಸದೆಯೂ ಇರಬಹುದು. ಆದರೆ ಬಿರುಕು ಒಳಗೆ ಹಾಗೇ ಇರುತ್ತದೆ. ಅವರು ಗೂಡನ್ನಷ್ಟೇ ಬ್ಲಾಕಿನವರೆಗೂ ಬಿಚ್ಚಿಸಿ, ಸುತ್ತ ಒಂದು ಸಾಲು ಟೈಲ್ಸನ್ನೂ ತೆಗೆಸಿ, ಹಳೆಯ ಲೇಪಕ್ಕೆ ಹೊಸದು ಆರಿಂಚು ಮೇಲೇರುವಂತೆ ಬಳಿಸಿದರು. ಆ ಬಣ್ಣದ ಟೈಲ್ಸ್ ಈಗ ಬರುವುದಿಲ್ಲವಂತೆ. ಗೂಡಿನ ಸುತ್ತ ಬೇರೆ ಬಣ್ಣದ ಚೌಕಟ್ಟು ಬಂದಿದೆ. ಬಂದವರೆಲ್ಲ ಅದನ್ನೇ ಡಿಸೈನ್ ಎಂದುಕೊಂಡು ಎಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ.